ಒಡಕು ಮತದಲ್ಲೋ, ಸೀಟಿನಲ್ಲೋ?

(ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಬೋರ್ಡಿನ ಮೇಲೆ ಅವಸರದಲ್ಲಿ ಗೀಚಿದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ತೌಲನಿಕ ರಾಜಕಾರಣದ ಪ್ರಬಂಧಗಳನ್ನು ತಿದ್ದುವ ಕೆಲಸ ನನಗೆ ಹಲವು ವರ್ಷಗಳಿಂದ ಅಂಟಿಕೊಂಡಿದೆ. ಚುನಾವಣಾ ಪದ್ಧತಿಗಳ ಮೇಲೆ ಬರೆಯಿರಿ ಎಂದರೆ ಹೆಚ್ಚಿನವರು ಒಂದೇ ವಾಕ್ಯದಿಂದ ಶುರುಮಾಡುತ್ತಾರೆ: “ಬಹುಮತ ಪದ್ಧತಿ ಎರಡು ಪಕ್ಷಗಳನ್ನು ಹುಟ್ಟಿಸುತ್ತದೆ, ಪ್ರಮಾಣಾನುಗುಣ ಪದ್ಧತಿ ಹಲವು ಪಕ್ಷಗಳನ್ನು ಹುಟ್ಟಿಸುತ್ತದೆ.” ಅದರ ಕೆಳಗೆ ಫ್ರಾನ್ಸಿನ ಮಾರಿಸ್ ದ್ಯುವರ್ಜೆ 1951ರಲ್ಲಿ ಹೀಗೆ ಹೇಳಿದ ಎಂಬ ಒಂದು ಸಾಲು. ಆಮೇಲೆ ಒಂದು ಕಡೆ ಬ್ರಿಟನ್ ಮತ್ತು ಅಮೆರಿಕ, ಇನ್ನೊಂದು ಕಡೆ ಇಸ್ರೇಲ್ ಮತ್ತು ನೆದರ್ಲ್ಯಾಂಡ್ಸ್. ಅಲ್ಲಿಗೆ ಪ್ರಬಂಧ ಮುಗಿಯಿತು.

ಇದರಲ್ಲಿ ಪೂರ್ತಿ ತಪ್ಪು ಅನ್ನುವಂಥದ್ದು ಏನೂ ಇಲ್ಲ. ಆದರೆ ಇದು ಹೋಲಿಕೆಯೂ ಅಲ್ಲ. ಅಮೆರಿಕಕ್ಕೂ ಇಸ್ರೇಲಿಗೂ ನಡುವೆ ಚುನಾವಣಾ ಪದ್ಧತಿಯೊಂದೇ ಬೇರೆ ಇದೆಯೇ? ಜನಸಂಖ್ಯೆ, ಧರ್ಮ, ಇತಿಹಾಸ, ಅಧ್ಯಕ್ಷ ಇದ್ದಾನೋ ಪ್ರಧಾನಿ ಇದ್ದಾನೋ ಎಂಬುದು, ಎಲ್ಲವೂ ಬೇರೆ. ಪಕ್ಷಗಳ ಸಂಖ್ಯೆಯಲ್ಲಿ ಕಾಣುವ ವ್ಯತ್ಯಾಸವನ್ನು ಈ ಯಾವುದರ ಲೆಕ್ಕಕ್ಕೆ ಬೇಕಾದರೂ ಬರೆಯಬಹುದು. ಹಾಗಾಗಿ ಇವತ್ತು ಹತ್ತು ದೇಶ ಸುತ್ತುವುದು ಬೇಡ. ಅದೇ ಜನ, ಅದೇ ಸಂಸತ್ತು ಇದ್ದು, ನಡುವೆ ನಿಯಮ ಮಾತ್ರ ಬದಲಾದ ಒಂದು ದೇಶದಲ್ಲಿ ನಿಂತು ನೋಡೋಣ. ಅದು ನ್ಯೂಜಿಲೆಂಡ್.

ಎರಡು ಪದ್ಧತಿಗಳನ್ನು ಒಂದೊಂದು ಮಾತಿನಲ್ಲಿ ನೆನಪಿಸಿಬಿಡುತ್ತೇನೆ. ಬಹುಮತ ಪದ್ಧತಿಯಲ್ಲಿ ಕ್ಷೇತ್ರಕ್ಕೊಬ್ಬ ಪ್ರತಿನಿಧಿ. ಉಳಿದವರಿಗಿಂತ ಒಂದು ಮತ ಹೆಚ್ಚು ಬಂದರೂ ಆ ಕ್ಷೇತ್ರ ಅವನದು, ಸೋತವರ ಮತಕ್ಕೆ ಸಂಸತ್ತಿನಲ್ಲಿ ಜಾಗವಿಲ್ಲ. ಪ್ರಮಾಣಾನುಗುಣ ಪದ್ಧತಿಯಲ್ಲಿ ಪಕ್ಷಕ್ಕೆ ಬಂದ ಮತದ ಪಾಲೆಷ್ಟೋ ಹೆಚ್ಚುಕಡಿಮೆ ಅಷ್ಟೇ ಪಾಲು ಸೀಟು. ನ್ಯೂಜಿಲೆಂಡ್ 1993ರವರೆಗೆ ಮೊದಲನೆಯದರಲ್ಲಿತ್ತು, 1996ರಿಂದ ಎರಡನೆಯದರಲ್ಲಿದೆ.

ಹಳೆಯ ಪದ್ಧತಿ ಅಲ್ಲಿ ಏನೇನು ಮಾಡಿತ್ತು ನೋಡಿ. 1978ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಶೇ 40.4 ಮತ, ರಾಬರ್ಟ್ ಮಲ್ಡೂನ್ ಅವರ ನ್ಯಾಷನಲ್ ಪಕ್ಷಕ್ಕೆ ಶೇ 39.8. ಸೀಟು ಎಣಿಸಿದಾಗ ಲೇಬರಿಗೆ 40, ನ್ಯಾಷನಲ್‌ಗೆ 51. ಹೆಚ್ಚು ಮತ ಪಡೆದವರು ವಿರೋಧ ಪಕ್ಷದಲ್ಲಿ ಕೂತರು. ಏನೋ ಒಂದು ಸಲ ಆಯಿತು ಎನ್ನೋಣವೆಂದರೆ 1981ರಲ್ಲಿ ಮತ್ತೆ ಅದೇ ಕತೆ: ಮತದಲ್ಲಿ ಲೇಬರ್ ಕೂದಲೆಳೆಯಷ್ಟು ಮುಂದೆ, ಸೀಟಿನಲ್ಲಿ ನ್ಯಾಷನಲ್ 47, ಲೇಬರ್ 43. ಅದೇ ವರ್ಷ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷಕ್ಕೆ ಶೇ 20.7 ಮತ ಬಿದ್ದಿತ್ತು. ಐವರಲ್ಲಿ ಒಬ್ಬರು ಅದಕ್ಕೆ ಮತ ಹಾಕಿದ್ದಾರೆ ಎಂದಾಯಿತು. ಅದಕ್ಕೆ ದಕ್ಕಿದ್ದು 2 ಸೀಟು. 1984ರಲ್ಲಿ ನ್ಯೂಜಿಲೆಂಡ್ ಪಾರ್ಟಿ ಎಂಬ ಹೊಸ ಪಕ್ಷ ಶೇ 12ರಷ್ಟು ಮತ ಪಡೆದು ಒಂದೂ ಸೀಟಿಲ್ಲದೆ ಮನೆಗೆ ಹೋಯಿತು.

ಇಲ್ಲೇ ಸ್ವಲ್ಪ ನಿಲ್ಲಿ. ಈ ದೇಶವನ್ನು ಎರಡು ಪಕ್ಷಗಳ ದೇಶ ಎಂದು ಕರೆಯುತ್ತಿದ್ದರು. ಸಂಸತ್ತಿನೊಳಗೆ ಹೋಗಿ ತಲೆ ಎಣಿಸಿದರೆ ಹೌದು, ಹೆಚ್ಚುಕಡಿಮೆ ಎರಡೇ. ಮತಪೆಟ್ಟಿಗೆ ಎಣಿಸಿದರೆ? ಒಂದೇ ದೇಶಕ್ಕೆ ಎರಡು ಉತ್ತರ ಬರುತ್ತಿದೆ. ಈ ಎರಡು ಉತ್ತರಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳದೆ ಹೋದರೆ ಪಕ್ಷಗಳು ಹೋಳಾಗುವುದರ ಬಗ್ಗೆ ಬರೆದ ಯಾವ ಪ್ರಬಂಧವೂ ನಿಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಎಣಿಸುವುದು ಹೇಗೆ? ಕಣದಲ್ಲಿರುವ ಪಕ್ಷಗಳ ಹೆಸರು ಎಣಿಸಿದರೆ ಪ್ರಯೋಜನವಿಲ್ಲ, ಅರ್ಧ ಶೇಕಡಾ ಮತದ ಪಕ್ಷವೂ ಒಂದು, ನಲವತ್ತು ಶೇಕಡಾದ ಪಕ್ಷವೂ ಒಂದು ಎಂದಾಗಿಬಿಡುತ್ತದೆ. ಮಾರ್ಕು ಲಾಕ್ಸೊ ಮತ್ತು ರೇನ್ ತಾಗೆಪೆರಾ ಎಂಬಿಬ್ಬರು 1979ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಅದನ್ನು ‘ಪರಿಣಾಮಕಾರಿ ಪಕ್ಷ ಸಂಖ್ಯೆ’ ಅನ್ನುತ್ತಾರೆ.

```
N = 1 / (p1² + p2² + p3² + ...)
```

ಇಲ್ಲಿ p ಅಂದರೆ ಒಂದು ಪಕ್ಷದ ಪಾಲು, ದಶಮಾಂಶದಲ್ಲಿ. ಪ್ರತಿ ಪಾಲನ್ನೂ ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ, 1ನ್ನು ಆ ಮೊತ್ತದಿಂದ ಭಾಗಿಸಿ. ತನ್ನಿಂದ ತಾನೇ ಗುಣಿಸಿಕೊಂಡಾಗ ಸಣ್ಣ ಪಾಲು ಇನ್ನೂ ಸಣ್ಣದಾಗುತ್ತದೆ. ಹಾಗಾಗಿ ಪುಡಿ ಪಕ್ಷಗಳ ತೂಕ ತಾನಾಗಿ ಇಳಿಯುತ್ತದೆ. ಎರಡು ಪಕ್ಷಗಳು ಅರ್ಧರ್ಧ ಹಂಚಿಕೊಂಡಿದ್ದರೆ 0.25 ಮತ್ತು 0.25 ಸೇರಿ 0.5, ಉತ್ತರ ಸರಿಯಾಗಿ 2. ಇದೇ ಲೆಕ್ಕವನ್ನು ಮತದ ಪಾಲಿಗೂ ಮಾಡಬಹುದು, ಸೀಟಿನ ಪಾಲಿಗೂ ಮಾಡಬಹುದು. ಮೊದಲನೆಯದರ ಉತ್ತರವನ್ನು ಮತದ ಸಂಖ್ಯೆ, ಎರಡನೆಯದರ ಉತ್ತರವನ್ನು ಸೀಟಿನ ಸಂಖ್ಯೆ ಎಂದು ಕರೆಯೋಣ. ಒಂದೇ ಚುನಾವಣೆಗೆ ಎರಡನ್ನೂ ಮಾಡಿ ಪಕ್ಕಪಕ್ಕ ಇಟ್ಟಾಗಲೇ ಸ್ವಾರಸ್ಯ.

1993ರ ಚುನಾವಣೆ ಹಳೆಯ ಪದ್ಧತಿಯಲ್ಲಿ ನಡೆದ ಕಡೆಯದು. ನ್ಯಾಷನಲ್‌ಗೆ ಶೇ 35.05, ಲೇಬರಿಗೆ ಶೇ 34.68, ಎಡಪಂಥೀಯ ಕೂಟವಾದ ಅಲಯನ್ಸ್‌ಗೆ ಶೇ 18.21, ವಿನ್‌ಸ್ಟನ್ ಪೀಟರ್ಸ್ ಅವರ ಹೊಸ ಪಕ್ಷ ನ್ಯೂಜಿಲೆಂಡ್ ಫಸ್ಟ್‌ಗೆ ಶೇ 8.40. ಮೊದಲ ಎರಡರ ವರ್ಗ ಸುಮಾರು 0.123 ಮತ್ತು 0.120, ಮೂರನೆಯದು 0.033, ನಾಲ್ಕನೆಯದು 0.007. ಕೂಡಿಸಿದರೆ 0.283. ಒಂದನ್ನು ಅದರಿಂದ ಭಾಗಿಸಿದರೆ 3.53. ಉಳಿದ ಚಿಲ್ಲರೆ ಪಕ್ಷಗಳನ್ನು ಸೇರಿಸಿದರೂ ಕೊನೆಯ ಅಂಕಿ ಅಲುಗಬಹುದು, ಅಷ್ಟೆ. ಅಂದರೆ ಮತದಾರರ ಮಟ್ಟದಲ್ಲಿ ಆಗಲೇ ಮೂರೂವರೆ ಪಕ್ಷಗಳಿದ್ದವು. ಈಗ ಸೀಟಿಗೆ ಬನ್ನಿ. ಒಟ್ಟು 99ರಲ್ಲಿ ನ್ಯಾಷನಲ್ 50, ಲೇಬರ್ 45, ಉಳಿದೆರಡಕ್ಕೆ ಎರಡೆರಡು. ಲೆಕ್ಕ ಹಾಕಿದರೆ 2.16. ಶೇ 18 ಮತ ಪಡೆದ ಅಲಯನ್ಸ್‌ಗೂ ಶೇ 8 ಮತ ಪಡೆದ ನ್ಯೂಜಿಲೆಂಡ್ ಫಸ್ಟ್‌ಗೂ ಒಂದೇ ಬೆಲೆ.

(99ರಲ್ಲಿ 50 ಅಂದರೆ ಒಂದೇ ಸೀಟಿನ ಬಹುಮತ. ತಮ್ಮವರನ್ನೇ ಸ್ಪೀಕರ್ ಮಾಡಿದರೆ ಅದೂ ಕರಗುತ್ತಿತ್ತು. ಹಾಗಾಗಿ ಆಳುವ ಪಕ್ಷ ವಿರೋಧ ಪಕ್ಷವಾದ ಲೇಬರಿನ ಪೀಟರ್ ಟ್ಯಾಪ್ಸೆಲ್ ಅವರನ್ನೇ ಸ್ಪೀಕರ್ ಕುರ್ಚಿಯಲ್ಲಿ ಕೂರಿಸಿತು. ಬಹುಮತ ಪದ್ಧತಿ ಗಟ್ಟಿ ಸರ್ಕಾರ ಕೊಡುತ್ತದೆ ಎಂದು ಬರೆಯುವವರು ಈ ಕುರ್ಚಿಯನ್ನು ಒಮ್ಮೆ ನೆನೆಯಬೇಕು.)

ದ್ಯುವರ್ಜೆ ಎರಡು ಬಗೆಯ ಪರಿಣಾಮಗಳನ್ನು ಹೇಳಿದ್ದ. ಒಂದು ಯಾಂತ್ರಿಕ: ಮತವನ್ನು ಸೀಟಾಗಿ ತಿರುಗಿಸುವ ಗಾಣದಲ್ಲೇ ಸಣ್ಣವರು ಅರೆದುಹೋಗುವುದು. ಇನ್ನೊಂದು ಮಾನಸಿಕ: ಹೇಗೂ ಗೆಲ್ಲದವನಿಗೆ ಹಾಕಿ ಮತ ಏಕೆ ಹಾಳುಮಾಡಲಿ ಎಂದು ಮತದಾರ ದೊಡ್ಡ ಪಕ್ಷದ ಕಡೆ ವಾಲುವುದು. 3.53ಕ್ಕೂ 2.16ಕ್ಕೂ ನಡುವಿನ ಕಂದಕ ಪೂರ್ತಿ ಯಾಂತ್ರಿಕ. ಮಾನಸಿಕ ಪರಿಣಾಮ ಇದ್ದಿದ್ದರೆ 3.53 ಎಂಬ ಅಂಕಿಯೇ ಅಷ್ಟು ಮೇಲೆ ಹೋಗಬಾರದಿತ್ತು. 1990ರ ಚುನಾವಣೆಗೆ ಇದೇ ಲೆಕ್ಕ ಮಾಡಿದರೆ ಮತದ ಸಂಖ್ಯೆ 2.78 ಬರುತ್ತದೆ. ಮೂರೇ ವರ್ಷದಲ್ಲಿ, ನಿಯಮದಲ್ಲಿ ಒಂದಕ್ಷರವೂ ಬದಲಾಗದೆ, ಮತಗಳು ಮುಕ್ಕಾಲು ಪಕ್ಷದಷ್ಟು ಹೆಚ್ಚು ಚದುರಿದವು. ಪದ್ಧತಿ ಇದನ್ನು ಮಾಡಿಲ್ಲ, ಏಕೆಂದರೆ ಪದ್ಧತಿ ಆಗ ಅದೇ ಇತ್ತು. 1984ರ ನಂತರ ಮೊದಲು ಲೇಬರ್, ಆಮೇಲೆ ನ್ಯಾಷನಲ್, ಚುನಾವಣೆಯಲ್ಲಿ ಹೇಳದೇ ಇದ್ದ ಕಟು ಆರ್ಥಿಕ ಸುಧಾರಣೆಗಳನ್ನು ಜನರ ಮೇಲೆ ಹೇರಿದವು. ಎರಡೂ ಮನೆಗಳಿಂದ ಜನ ಸಿಟ್ಟಾಗಿ ಹೊರಬಿದ್ದರು. ಅಲಯನ್ಸ್ ಲೇಬರ್ ಬಿಟ್ಟವರ ಸುತ್ತ ಕಟ್ಟಿದ್ದು, ನ್ಯೂಜಿಲೆಂಡ್ ಫಸ್ಟ್ ನ್ಯಾಷನಲ್ ಬಿಟ್ಟವರದ್ದು.

ಈ ಸಿಟ್ಟೇ ನಿಯಮವನ್ನೂ ಬದಲಿಸಿತು. 1985ರಲ್ಲಿ ನೇಮಕವಾದ ರಾಯಲ್ ಕಮಿಷನ್ ಮರುವರ್ಷವೇ ಮಿಶ್ರ ಪ್ರಮಾಣಾನುಗುಣ ಪದ್ಧತಿಯನ್ನು, ಅವರ ಬಾಯಲ್ಲಿ ಎಂಎಂಪಿಯನ್ನು, ಶಿಫಾರಸು ಮಾಡಿತ್ತು. ಎರಡು ದೊಡ್ಡ ಪಕ್ಷಗಳಿಗೂ ಅದು ಬೇಕಿರಲಿಲ್ಲ. 1992ರ ಜನಮತಗಣನೆಯಲ್ಲಿ ಶೇ 84.7 ಮಂದಿ ಬದಲಾವಣೆ ಬೇಕು ಅಂದರು. 1993ರಲ್ಲಿ, ಈಗಷ್ಟೇ ಲೆಕ್ಕ ಮಾಡಿದ ಚುನಾವಣೆಯ ದಿನವೇ, ಶೇ 53.9 ಮಂದಿ ಎಂಎಂಪಿಗೆ ಮುದ್ರೆ ಒತ್ತಿದರು. ಇಲ್ಲಿ ಕಾರಣ ಯಾವುದು, ಕಾರ್ಯ ಯಾವುದು? ಪ್ರಮಾಣಾನುಗುಣ ಪದ್ಧತಿ ಬಂದು ಪಕ್ಷಗಳು ಒಡೆದವು ಎಂದು ಬರೆಯುವವರು ಪುಟವನ್ನು ತಲೆಕೆಳಗಾಗಿ ಓದುತ್ತಿದ್ದಾರೆ. ಮೊದಲು ಮತಗಳು ಒಡೆದವು. ಒಡೆದ ಮತಗಳು ನಿಯಮವನ್ನು ಬದಲಿಸಿದವು.

ಹೊಸ ನಿಯಮದಲ್ಲಿ ಮತದಾರನ ಕೈಯಲ್ಲಿ ಎರಡು ಮತ. ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಹಳೆಯ ರೀತಿಯಲ್ಲೇ. ಇನ್ನೊಂದು ಪಕ್ಷಕ್ಕೆ. ಸಂಸತ್ತಿನ ಸುಮಾರು 120 ಸೀಟುಗಳಲ್ಲಿ ಯಾರಿಗೆಷ್ಟು ಎಂಬುದನ್ನು ನಿರ್ಧರಿಸುವುದು ಈ ಪಕ್ಷದ ಮತ. ಕ್ಷೇತ್ರಗಳಲ್ಲಿ ಗೆದ್ದದ್ದು ಸಾಲದಿದ್ದರೆ ಉಳಿದದ್ದನ್ನು ಪಕ್ಷದ ಪಟ್ಟಿಯಿಂದ ತುಂಬುತ್ತಾರೆ. ಹಂಚಿಕೆಗೆ ಒಂದು ಹೊಸ್ತಿಲಿದೆ: ಪಕ್ಷದ ಮತ ಶೇ 5 ದಾಟಿರಬೇಕು, ಇಲ್ಲವೇ ಕನಿಷ್ಠ ಒಂದು ಕ್ಷೇತ್ರವನ್ನಾದರೂ ಗೆದ್ದಿರಬೇಕು. ಈ ‘ಇಲ್ಲವೇ’ ಎಂಬ ಪದವನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

1996ರ ಅಕ್ಟೋಬರ್ 12ರಂದು ಮೊದಲ ಎಂಎಂಪಿ ಚುನಾವಣೆ. ನ್ಯಾಷನಲ್ 44 ಸೀಟು, ಲೇಬರ್ 37, ನ್ಯೂಜಿಲೆಂಡ್ ಫಸ್ಟ್ 17, ಅಲಯನ್ಸ್ 13, ಆ್ಯಕ್ಟ್ 8, ಯುನೈಟೆಡ್ 1. ಮತದ ಸಂಖ್ಯೆ 4.39, ಸೀಟಿನ ಸಂಖ್ಯೆ 3.76. ಕಂದಕ ಅರ್ಧಕ್ಕಿಂತ ಕೆಳಗಿಳಿದಿದೆ. ಉಳಿದ ಕಂದಕ ಎಲ್ಲಿಂದ ಬಂತು ಎಂದರೆ ಹೊಸ್ತಿಲಿನಿಂದ. ಕ್ರಿಶ್ಚಿಯನ್ ಕೊಯಲಿಷನ್ ಎಂಬ ಕೂಟ ಶೇ 4.33 ಮತ ಪಡೆದೂ ಹೊರಗುಳಿಯಿತು. ಅದೂ ಇತರರೂ ಸೇರಿ ಸುಮಾರು ಶೇ 7.5 ಮತಗಳು ಯಾರನ್ನೂ ಸಂಸತ್ತಿಗೆ ಕಳಿಸಲಿಲ್ಲ.

ಇಲ್ಲಿ ಈ ಸೂತ್ರದ ಒಂದು ದೌರ್ಬಲ್ಯವನ್ನು ಹೇಳಿಬಿಡಬೇಕು. ಅದು ಗಾತ್ರವನ್ನು ಅಳೆಯುತ್ತದೆ, ಚೌಕಾಸಿಯ ಬಲವನ್ನು ಅಳೆಯುವುದಿಲ್ಲ. 120ರಲ್ಲಿ ಬಹುಮತಕ್ಕೆ 61 ಬೇಕು. ನ್ಯಾಷನಲ್ ತನ್ನ ಜೊತೆ ಆ್ಯಕ್ಟನ್ನೂ ಯುನೈಟೆಡನ್ನೂ ಸೇರಿಸಿಕೊಂಡರೆ 53. ಲೇಬರ್ ಅಲಯನ್ಸ್ ಜೊತೆ ಸೇರಿದರೆ 50. ಎರಡೂ ಕಡೆ ದಡ ಮುಟ್ಟಲು ಪೀಟರ್ಸ್ ಅವರ 17 ಬೇಕೇ ಬೇಕು. ನ್ಯಾಷನಲ್ ಮತ್ತು ನ್ಯೂಜಿಲೆಂಡ್ ಫಸ್ಟ್ ಕೂಡಿಸಿ ನೋಡಿ, 44ಕ್ಕೆ 17, ಸರಿಯಾಗಿ 61. ಶೇ 13 ಮತದ ಪಕ್ಷ ಎರಡೂ ಮನೆಯವರ ಜೊತೆ ಸುಮಾರು ಎರಡು ತಿಂಗಳು ಮಾತುಕತೆ ನಡೆಸಿತು. ಡಿಸೆಂಬರಿನಲ್ಲಿ ನ್ಯಾಷನಲ್ ಜೊತೆ ಸರ್ಕಾರ, ಪೀಟರ್ಸ್ ಉಪಪ್ರಧಾನಿ ಮತ್ತು ಖಜಾಂಚಿ. 3.76 ಎಂಬ ಅಂಕಿ ನೋಡಿದರೆ ಇದ್ಯಾವುದೂ ಹೊಳೆಯುವುದಿಲ್ಲ. ಅದೇ 3.76 ಬೇರೆ ಹಂಚಿಕೆಯಿಂದ ಬಂದಿದ್ದರೆ ನಡುವಿನ ಪಕ್ಷಕ್ಕೆ ಕಾಸಿನ ಬೆಲೆಯೂ ಇರುತ್ತಿರಲಿಲ್ಲ.

ಪಕ್ಷಗಳು ಒಡೆಯುವುದು ಎಂದಾಗ ಎರಡು ಬೇರೆ ಸಂಗತಿಗಳನ್ನು ನಾವು ಒಂದೇ ಪದದಲ್ಲಿ ಕಟ್ಟುತ್ತೇವೆ. ಮತದಾರರು ಚದುರುವುದು ಒಂದು, ಸಂಸದರೇ ಪಕ್ಷ ಬಿಟ್ಟು ಹೊಸ ಬೋರ್ಡು ಹಾಕುವುದು ಇನ್ನೊಂದು. ಎರಡನೆಯದಕ್ಕೂ ನ್ಯೂಜಿಲೆಂಡಿನಲ್ಲಿ ಒಳ್ಳೆಯ ಉದಾಹರಣೆ ಇದೆ. ಹೊಸ ನಿಯಮ ಬರುವುದು ಗೊತ್ತಾಗಿದ್ದರಿಂದ 1993 ಮತ್ತು 1996ರ ನಡುವೆ ಸಂಸತ್ತಿನೊಳಗೇ ಹೊಸ ಪಕ್ಷಗಳು ತಲೆ ಎತ್ತಿದವು. ಎರಡೂ ದೊಡ್ಡ ಪಕ್ಷಗಳಿಂದ ಹೊರಬಂದ ಸಂಸದರು 1995ರಲ್ಲಿ ಯುನೈಟೆಡ್ ಕಟ್ಟಿದರು. ಇನ್ನು ಮೇಲೆ ನಡುದಾರಿಯ ಪಕ್ಷವೊಂದಕ್ಕೆ ಜಾಗ ಇರುತ್ತದೆ, ಮೊದಲೇ ಹೋಗಿ ಟವೆಲ್ ಹಾಕೋಣ ಎಂಬ ಎಣಿಕೆ. ಎಣಿಕೆ ತಪ್ಪಿತು. ಚುನಾವಣೆಯಲ್ಲಿ ಆ ಪಕ್ಷಕ್ಕೆ ಬಿದ್ದದ್ದು ಶೇ 0.88 ಮತ. ಪೀಟರ್ ಡನ್ ಒಬ್ಬರೇ ತಮ್ಮ ಕ್ಷೇತ್ರ ಉಳಿಸಿಕೊಂಡರು, ಉಳಿದವರೆಲ್ಲ ಮನೆಗೆ. ನಿಯಮ ಬಾಗಿಲು ತೆರೆದಿತ್ತು. ಒಳಗೆ ಕರೆತರಲು ಮತದಾರರೇ ಇರಲಿಲ್ಲ.

ಇದರ ಮುಂದಿನ ಅಧ್ಯಾಯವೂ ಇದೆ. 1998ರ ಆಗಸ್ಟಿನಲ್ಲಿ ಪ್ರಧಾನಿ ಜೆನ್ನಿ ಶಿಪ್ಲಿ ಪೀಟರ್ಸ್ ಅವರನ್ನು ಸಂಪುಟದಿಂದ ಕಿತ್ತುಹಾಕಿದಾಗ ಪೀಟರ್ಸ್ ಅವರದೇ ಪಕ್ಷದ ಒಂದಿಷ್ಟು ಸಂಸದರು ಪಕ್ಷ ಬಿಟ್ಟು ಸರ್ಕಾರದ ಜೊತೆಗೇ ಉಳಿದರು. ಪಕ್ಷದ ಮತದಿಂದ ಬಂದ ಸೀಟನ್ನು ಸಂಸದ ಜೇಬಿನಲ್ಲಿಟ್ಟುಕೊಂಡು ಹೋಗಬಹುದೇ ಎಂಬ ಪ್ರಶ್ನೆ ಎದ್ದದ್ದು ಆಗಲೇ. 2001ರಲ್ಲಿ ಅಲ್ಲೂ ಒಂದು ಪಕ್ಷಾಂತರ ತಡೆ ಕಾಯ್ದೆ ಬಂತು. ಅದರ ಅವಧಿ ಮುಗಿದು, 2018ರಲ್ಲಿ ಮತ್ತೆ ಅಂಥದೇ ಕಾಯ್ದೆ ಬಂತು.

ಈಗ ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಇಷ್ಟವಾದ ಅಂಕಿಗೆ ಬರುತ್ತೇನೆ. 1996ರಲ್ಲಿ ಮತದ ಸಂಖ್ಯೆ 4.39 ಆದಾಗ ಎಚ್ಚರಿಕೆಯ ಗಂಟೆ ಹೊಡೆದವರಿದ್ದರು: ಇದು ಶುರು ಮಾತ್ರ, ಇನ್ನು ಒಡೆಯುತ್ತಲೇ ಹೋಗುತ್ತದೆ ಎಂದು. ಒಂಬತ್ತು ವರ್ಷ ಮುಂದೆ ಹೋಗಿ. 2005ರಲ್ಲಿ ಲೇಬರಿಗೆ ಶೇ 41.1, ನ್ಯಾಷನಲ್‌ಗೆ ಶೇ 39.1. ಸಂಸತ್ತಿನಲ್ಲಿ ಒಟ್ಟು ಎಂಟು ಪಕ್ಷಗಳು. ಹೆಸರು ಎಣಿಸುವವರಿಗೆ ಇದು ಛಿದ್ರ ಛಿದ್ರ. ಸೂತ್ರ ಹಾಕಿದರೆ ಮತದ ಸಂಖ್ಯೆ 3.04, ಸೀಟಿನ ಸಂಖ್ಯೆ 2.98. ಮತದ ಸಂಖ್ಯೆಯನ್ನು 1993ರ 3.53ರ ಪಕ್ಕ ಇಡಿ. ಪ್ರಮಾಣಾನುಗುಣ ಪದ್ಧತಿಯ ಮತದಾರರು ಹಳೆಯ ಪದ್ಧತಿಯ ಕೊನೆಯ ಚುನಾವಣೆಯ ಮತದಾರರಿಗಿಂತ ಕಡಿಮೆ ಚದುರಿದ್ದರು. ಕಂದಕವೂ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು, ವ್ಯರ್ಥವಾದ ಮತ ಶೇ 1.3ರಷ್ಟು ಮಾತ್ರ.

ಏನಾಗಿತ್ತು? ಅಲಯನ್ಸ್ 2002ರಲ್ಲಿ ಒಳಜಗಳದಿಂದ ಒಡೆದು ನೆಲಕಚ್ಚಿತ್ತು. ಅದೇ ವರ್ಷ ಶೇ 21ರ ಆಸುಪಾಸಿಗೆ ಕುಸಿದಿದ್ದ ನ್ಯಾಷನಲ್ 2005ರಲ್ಲಿ ಎದ್ದು ನಿಂತಿತು, ನಿಲ್ಲುವಾಗ ಆ್ಯಕ್ಟ್ ಮತ್ತು ನ್ಯೂಜಿಲೆಂಡ್ ಫಸ್ಟ್ ಕಡೆ ಹೋಗಿದ್ದ ಮತಗಳನ್ನು ವಾಪಸು ಎಳೆದುಕೊಂಡಿತು. ಸ್ಪರ್ಧೆ ಬಿಗಿಯಾದಾಗ ಜನ ದೊಡ್ಡವರ ಸುತ್ತ ಗುಂಪಾದರು. ಹಾಗಂತ ಇದನ್ನು ಇನ್ನೊಂದು ನಿಯಮವೆಂದು ಬರೆದುಕೊಳ್ಳಬೇಡಿ. 2020ರಲ್ಲಿ ಲೇಬರ್ ಒಂದೇ 120ರಲ್ಲಿ 65 ಸೀಟು ಗೆದ್ದಾಗಲೂ ಮತದ ಸಂಖ್ಯೆ 3ರ ಹತ್ತಿರವೇ ಇತ್ತು, 2023ರಲ್ಲಿ ಅದು ಮತ್ತೆ 4 ದಾಟಿತು. ನಿಯಮ ಅದೇ. ಏರಿಳಿತವೆಲ್ಲ ರಾಜಕಾರಣದ್ದು.

ಆದರೆ ನಿಯಮದಿಂದ ಏನೂ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಸೀಟಿನ ಸಂಖ್ಯೆಯನ್ನು ಮಾತ್ರ ನೋಡಿ: 1990ರಲ್ಲಿ 1.76, 1993ರಲ್ಲಿ 2.16. ಆಮೇಲೆ 1996ರಲ್ಲಿ 3.76, 2005ರಲ್ಲಿ 2.98. ಒಂದೇ ಪಕ್ಷಕ್ಕೆ ಬಹುಮತ ಬಂದ 2020ರಲ್ಲೂ 2.61. ಹೊಸ ಪದ್ಧತಿಯ ಈ ಮೂರೂ ಹಳೆಯ ಎರಡಕ್ಕಿಂತ ಮೇಲೆಯೇ ಇವೆ. ಮತದಲ್ಲಿರುವ ಒಡಕು ಸಂಸತ್ತಿನೊಳಗೆ ಕಾಣಬೇಕೋ ಬೇಡವೋ ಎಂಬುದು ಪದ್ಧತಿಯ ಕೈಯಲ್ಲಿದೆ. ಒಡಕು ಎಷ್ಟು ಎಂಬುದರ ಮೇಲೆ ಅದರ ಹಿಡಿತ ನಾವು ಅಂದುಕೊಂಡದ್ದಕ್ಕಿಂತ ಸಡಿಲ.

ಈಗ ಆ ‘ಇಲ್ಲವೇ’ಗೆ ಬರೋಣ. 1999ರ ಚುನಾವಣೆಯಲ್ಲಿ ನ್ಯೂಜಿಲೆಂಡ್ ಫಸ್ಟ್‌ಗೆ ಶೇ 4.26 ಮತ. ಶೇ 5ರ ಹೊಸ್ತಿಲು ದಾಟಲಿಲ್ಲ. ಆದರೆ ಟೌರಂಗಾ ಕ್ಷೇತ್ರದಲ್ಲಿ ಪೀಟರ್ಸ್ 63 ಮತಗಳಿಂದ ಗೆದ್ದರು. ಒಂದು ಕ್ಷೇತ್ರ ಗೆದ್ದರೆ ಹೊಸ್ತಿಲು ಅನ್ವಯಿಸದು, ಹಾಗಾಗಿ ಶೇ 4.26ಕ್ಕೆ ತಕ್ಕಂತೆ ಪಕ್ಷಕ್ಕೆ 5 ಸೀಟು. ಒಂದೇ ಊರಿನ 63 ಜನ ಇಡೀ ದೇಶದಲ್ಲಿ ಆ ಪಕ್ಷಕ್ಕೆ ಬಿದ್ದ ಅಷ್ಟೂ ಮತಗಳ ಹಣೆಬರಹ ಬರೆದರು. 2008ಕ್ಕೆ ಬನ್ನಿ. ಅದೇ ಪಕ್ಷಕ್ಕೆ ಶೇ 4.07. ಈ ಸಲ ಕ್ಷೇತ್ರ ಸಿಗಲಿಲ್ಲ, ಸೀಟು ಸೊನ್ನೆ. ಅದೇ ಚುನಾವಣೆಯಲ್ಲಿ ಆ್ಯಕ್ಟ್ ಪಡೆದದ್ದು ಶೇ 3.65, ಅವರಿಗಿಂತ ಕಡಿಮೆ. ಆದರೆ ಆಕ್ಲೆಂಡಿನ ಎಪ್ಸಮ್ ಕ್ಷೇತ್ರ ಅದರ ಕೈಯಲ್ಲಿತ್ತು. ಸೀಟು 5.

ಪ್ರಮಾಣಕ್ಕೆ ತಕ್ಕ ನ್ಯಾಯ ಕೊಡುತ್ತೇನೆಂದು ಬಂದ ಪದ್ಧತಿಯಲ್ಲಿ ಹೆಚ್ಚು ಮತದವನು ಹೊರಗೆ, ಕಡಿಮೆ ಮತದವನು ಐದು ಕುರ್ಚಿಯೊಂದಿಗೆ ಒಳಗೆ. 2012ರ ಪರಿಶೀಲನೆಯಲ್ಲಿ ಅಲ್ಲಿನ ಚುನಾವಣಾ ಆಯೋಗ ಈ ಒಂದು-ಕ್ಷೇತ್ರ ವಿನಾಯಿತಿಯನ್ನು ತೆಗೆದು ಹೊಸ್ತಿಲನ್ನು ಶೇ 4ಕ್ಕೆ ಇಳಿಸಿ ಎಂದು ಹೇಳಿತು. ಜಾರಿಯಾಗಲಿಲ್ಲ. ಯಾರಿಗೆ ವಿನಾಯಿತಿಯಿಂದ ಲಾಭವೋ ಅವರ ಬೆಂಬಲದಿಂದಲೇ ಸರ್ಕಾರ ನಡೆಯುತ್ತಿದ್ದರೆ ವಿನಾಯಿತಿ ತೆಗೆಯಲು ಯಾರಿಗೆ ಆತುರವಿರುತ್ತದೆ?

ಹಾಗಾಗಿ ‘ಪ್ರಮಾಣಾನುಗುಣ ಪದ್ಧತಿ’ ಎಂದು ಒಂದೇ ಚೀಟಿ ಅಂಟಿಸಿ ಹೋಲಿಸಬೇಡಿ. ನೆದರ್ಲ್ಯಾಂಡ್ಸಿನಲ್ಲಿ ಇಡೀ ದೇಶವೇ ಒಂದು ಕ್ಷೇತ್ರವಿದ್ದಂತೆ. 150 ಸೀಟು, ಒಂದು ಸೀಟಿನಷ್ಟು ಮತ ಅಂದರೆ ಸುಮಾರು ಶೇ 0.67 ಇದ್ದರೆ ಒಳಗೆ. 2021ರಲ್ಲಿ ಅಲ್ಲಿನ ಕೆಳಮನೆಗೆ 17 ಪಕ್ಷಗಳು ಬಂದವು. ಶೇ 5ರ ಹೊಸ್ತಿಲಿರುವ ದೇಶವನ್ನೂ ಶೇ 0.67 ಸಾಕಾಗುವ ದೇಶವನ್ನೂ ಒಂದೇ ಗೂಡಿಗೆ ಹಾಕಿ ಸರಾಸರಿ ತೆಗೆದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಬಹುಮತ ಪದ್ಧತಿಗೂ ಒಂದೇ ಚೀಟಿ ಸಾಲದು. ಇದಕ್ಕೆ ಕ್ಯಾಲೆಂಡರೇ ನಮಗೆ ಒಂದು ಉದಾಹರಣೆ ಕೊಟ್ಟಿದೆ. ನ್ಯೂಜಿಲೆಂಡಿನ 1993ರ ಚುನಾವಣೆ ನವೆಂಬರ್ 6ರಂದು. ಅದಕ್ಕೆ ಹನ್ನೆರಡು ದಿನ ಮೊದಲು, ಅಕ್ಟೋಬರ್ 25ರಂದು, ಅದೇ ಬಹುಮತ ಪದ್ಧತಿಯಲ್ಲಿ ಕೆನಡಾದಲ್ಲಿ ಚುನಾವಣೆ ನಡೆಯಿತು. ಕ್ಯೂಬೆಕ್ ಪ್ರಾಂತ್ಯದಲ್ಲಿ ಮಾತ್ರ ಸ್ಪರ್ಧಿಸಿದ ಬ್ಲಾಕ್ ಕ್ಯೂಬೆಕ್ವಾಗೆ ದೇಶದ ಲೆಕ್ಕದಲ್ಲಿ ಶೇ 13.5 ಮತ, 54 ಸೀಟು. ದೇಶದುದ್ದಕ್ಕೂ ಹರಡಿಕೊಂಡಿದ್ದ, ಅಲ್ಲಿಯವರೆಗೆ ಅಧಿಕಾರದಲ್ಲಿದ್ದ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ ಶೇ 16 ಮತ, 2 ಸೀಟು. ಶೇ 18 ಮತಕ್ಕೆ 2 ಸೀಟು ಪಡೆದ ಅಲಯನ್ಸ್‌ನ ಪಕ್ಕದಲ್ಲಿ ಇವನ್ನು ಇಟ್ಟು ನೋಡಿ. ಬಹುಮತ ಪದ್ಧತಿ ಸಣ್ಣ ಪಕ್ಷಗಳನ್ನು ತುಳಿಯುತ್ತದೆ ಎಂಬ ಮಾತು ಅರ್ಧ ಸತ್ಯ. ಅದು ಚದುರಿದ ಪಕ್ಷವನ್ನು ತುಳಿಯುತ್ತದೆ. ಒಂದೇ ಕಡೆ ಗುಡ್ಡೆ ಬಿದ್ದ ಸಣ್ಣ ಪಕ್ಷಕ್ಕೆ ಧಾರಾಳವಾಗಿ ಬಡಿಸುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ಹಾಗಾದರೆ ಭಾರತದಲ್ಲಿ ಬಹುಮತ ಪದ್ಧತಿ ಇದ್ದೂ ಇಷ್ಟೊಂದು ಪಕ್ಷಗಳಿರುವುದಕ್ಕೂ ಇದೇ ಉತ್ತರವಾ?” ಎಂದು ಕೇಳಿದರು. ಬಹುಮಟ್ಟಿಗೆ ಇದೇ. 2014ರ ಲೋಕಸಭಾ ಚುನಾವಣೆಯಲ್ಲಿ ಎಐಎಡಿಎಂಕೆಗೆ ದೇಶದ ಲೆಕ್ಕದಲ್ಲಿ ಶೇ 3.3ರಷ್ಟು ಮತ, ಬಹುತೇಕ ಎಲ್ಲವೂ ತಮಿಳುನಾಡಿನಲ್ಲೇ, ಸೀಟು 37. ಹಲವು ರಾಜ್ಯಗಳಲ್ಲಿ ಹರಡಿಕೊಂಡಿದ್ದ ಬಿಎಸ್‌ಪಿಗೆ ಶೇ 4ಕ್ಕಿಂತ ಹೆಚ್ಚು, ಸೀಟು ಸೊನ್ನೆ. ದ್ಯುವರ್ಜೆಯ ಮಾತು ನಿಜವಾಗಿ ಕೆಲಸ ಮಾಡುವುದು ಒಂದು ಕ್ಷೇತ್ರದೊಳಗೆ, ಅಲ್ಲಿ ಗಂಭೀರ ಪೈಪೋಟಿ ಇಬ್ಬರ ನಡುವೆ ಕಟ್ಟಿಕೊಳ್ಳುವ ಒಲವು ಇರುತ್ತದೆ. ಆದರೆ ಈ ಕ್ಷೇತ್ರದ ಇಬ್ಬರು ಮತ್ತು ಇನ್ನೊಂದು ರಾಜ್ಯದ ಕ್ಷೇತ್ರದ ಇಬ್ಬರು ಒಂದೇ ಪಕ್ಷದವರಾಗಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

“ಅದನ್ನು ಪ್ರಬಂಧದಲ್ಲಿ ತೋರಿಸೋದು ಹೇಗೆ ಸರ್?” ಎಂದು ಅವರೇ ಮತ್ತೆ ಕೇಳಿದರು. ಒಂದು ರಾಜ್ಯ ಆರಿಸಿಕೊಳ್ಳಿ ಅಂದೆ. ಪ್ರತಿ ಕ್ಷೇತ್ರದ ಮತಗಳಿಗೆ ಪ್ರತ್ಯೇಕವಾಗಿ ಆ ಸೂತ್ರ ಹಾಕಿ, ಬಂದ ಸಂಖ್ಯೆಗಳ ಸರಾಸರಿ ತೆಗೆಯಿರಿ. ಆಮೇಲೆ ಇಡೀ ದೇಶದ ಒಟ್ಟು ಮತಕ್ಕೆ ಒಂದು ಸಲ ಹಾಕಿ. ಕ್ಷೇತ್ರದ ಸರಾಸರಿ ಎರಡರ ಹತ್ತಿರವಿದ್ದು ದೇಶದ ಸಂಖ್ಯೆ ಅದಕ್ಕಿಂತ ತುಂಬ ಮೇಲಿದ್ದರೆ ಒಡಕು ಪ್ರದೇಶಗಳ ನಡುವಿನದು. ಕ್ಷೇತ್ರದ ಸರಾಸರಿಯೇ ಮೂರು ದಾಟಿದ್ದರೆ ಮತದಾರ ತನ್ನ ಬೂತಿನಲ್ಲೇ ಚದುರಿದ್ದಾನೆ, ಅದಕ್ಕೆ ಬೇರೆ ಕಾರಣ ಹುಡುಕಬೇಕು. ಪಕ್ಷೇತರರನ್ನು ಮಾತ್ರ ಎಲ್ಲರನ್ನೂ ಸೇರಿಸಿ ‘ಇತರರು’ ಎಂದು ಒಂದೇ ಪಕ್ಷದಂತೆ ವರ್ಗ ಮಾಡಬೇಡಿ, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಹಾಕಿ. ನಾನು ತಿದ್ದುವ ಪ್ರಬಂಧಗಳಲ್ಲಿ ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲೇ.